ಐವತ್ತಕ್ಕೆ ಇಪ್ಪತ್ತು ಕೂಡಿದರೆ ಅರವತ್ತು

ಆಷಾಢ ಬಂತೆಂದರೆ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸ ಬಟ್ಟೆ ತೆಗೆಯಲು ನೆಪವೂ ಇಲ್ಲ. ವ್ಯಾಪಾರ ತಣ್ಣಗಾಗುವ ಈ ತಿಂಗಳನ್ನು ದಾಟಬೇಕು, ಶ್ರಾವಣದ ಹಬ್ಬಗಳಿಗೆ ಬರುವ ಹೊಸ ಮಾಲಿಗೆ ಕಪಾಟು ಖಾಲಿ ಮಾಡಿಕೊಳ್ಳಬೇಕು. ಹಾಗಾಗಿ ನಮ್ಮ ಊರುಗಳ ಬಟ್ಟೆ ಅಂಗಡಿಗಳ ಮುಂದೆ ಆಷಾಢ ಸೇಲ್‌ನ ಬ್ಯಾನರುಗಳು ಏಳುತ್ತವೆ. ಅವುಗಳಲ್ಲಿ ಒಂದು ನಮೂನೆ ಈಚೆಗೆ ಎಲ್ಲೆಲ್ಲೂ ಕಾಣುತ್ತಿದೆ: ‘50% + 20% ರಿಯಾಯಿತಿ’. ಎರಡು ಅಂಕಿಗಳ ನಡುವೆ ದಪ್ಪನೆಯ ಕೂಡುವ ಚಿಹ್ನೆ. ನೋಡಿದವರ ಮನಸ್ಸು ಕೂಡಿಯೇ ಕೂಡುತ್ತದೆ. ಎಪ್ಪತ್ತು! 4,000 ರೂಪಾಯಿಯ ಸೀರೆ 1,200ಕ್ಕೆ ಬರುತ್ತದೆ ಎಂದುಕೊಂಡು ಒಳಗೆ ಹೋದವರಿಗೆ ಕೊನೆಗೆ ಸಿಗುವ ಬಿಲ್ಲು 1,600 ರೂಪಾಯಿಯದು.

ಅಂಗಡಿಯವನು ಮೋಸ ಮಾಡಿಲ್ಲ. ಬಿಲ್ಲಿನ ಯಂತ್ರವೂ ತಪ್ಪಿಲ್ಲ. 4,000ಕ್ಕೆ ಮೊದಲು ಶೇ 50 ಕಳೆದಾಗ 2,000 ಉಳಿಯಿತು. ಮುಂದಿನ ಶೇ 20ನ್ನು ಕಳೆದದ್ದು ಈ 2,000ದ ಮೇಲೆ, ಸೀರೆಯ ಚೀಟಿಯಲ್ಲಿದ್ದ 4,000ದ ಮೇಲಲ್ಲ. 2,000ದಲ್ಲಿ ಶೇ 20 ಎಂದರೆ 400. ಹಾಗಾಗಿ ಕೊಡಬೇಕಾದ್ದು 1,600. ಚೀಟಿಯ ಬೆಲೆಗೆ ಹೋಲಿಸಿದರೆ ಒಟ್ಟು ರಿಯಾಯಿತಿ 2,400 ರೂಪಾಯಿ, ಅಂದರೆ ಶೇ 60. ನಾವು ಕೂಡಿ ತೆಗೆದ ಎಪ್ಪತ್ತರಲ್ಲಿ ಹತ್ತು ಎಲ್ಲಿ ಹೋಯಿತು? ಅದು ಎಲ್ಲೂ ಹೋಗಿಲ್ಲ, ಇರಲೇ ಇಲ್ಲ. ಮೊದಲ ಸುತ್ತಿನಲ್ಲೇ ಕಳೆದುಹೋದ 2,000ದ ಮೇಲೂ ನಾವು ಇನ್ನೊಮ್ಮೆ ಶೇ 20 ಬೇಡಿದ್ದೆವು. ಬೆಲೆಯಲ್ಲೇ ಇಲ್ಲದ ಹಣಕ್ಕೆ ರಿಯಾಯಿತಿ ಕೊಡುವುದು ಹೇಗೆ?

ಇಷ್ಟರಲ್ಲೇ ವಿಷಯದ ತಿರುಳು ಇದೆ. ಶೇಕಡಾ ಎಂಬುದು ರೂಪಾಯಿಯಂತೆ ಸ್ವತಂತ್ರ ಮೊತ್ತವಲ್ಲ. ‘ಶೇ 20’ ಎಂದಷ್ಟೇ ಹೇಳಿದರೆ ವಾಕ್ಯ ಅರ್ಧಕ್ಕೇ ನಿಂತಂತೆ. ಯಾವುದರಲ್ಲಿ ಶೇ 20 ಎಂಬುದು ಸೇರಿದಾಗಲೇ ಅದಕ್ಕೆ ಬೆಲೆ ಬರುವುದು. ಎರಡು ಶೇಕಡಾಗಳೂ ಒಂದೇ ಮೊತ್ತದ ಮೇಲೆ ನಿಂತಿದ್ದರೆ ಧಾರಾಳವಾಗಿ ಕೂಡಬಹುದು. ಒಂದು ಒಂದರ ಮೇಲೆ, ಇನ್ನೊಂದು ಮತ್ತೊಂದರ ಮೇಲೆ ನಿಂತಿದ್ದರೆ ಕೂಡಿದ ಮೊತ್ತಕ್ಕೆ ಅರ್ಥವೇ ಇರುವುದಿಲ್ಲ. ನಂಬಿಕೆ ಬಾರದಿದ್ದರೆ ಅಂಕಿಗಳನ್ನು ಸ್ವಲ್ಪ ಹಿಗ್ಗಿಸಿ ನೋಡಿ. ಯಾರಾದರೂ ‘50% + 50%’ ಎಂದು ಬರೆದರೆ ಸೀರೆ ಪುಕ್ಕಟೆಯಾಗಬೇಕಿತ್ತು. ‘60% + 50%’ ಎಂದರೆ ಅಂಗಡಿಯವನೇ ಸೀರೆಯ ಜೊತೆಗೆ ನಮ್ಮ ಕೈಗೆ 400 ರೂಪಾಯಿ ಇಟ್ಟು ಕಳಿಸಬೇಕಿತ್ತು. ನಿಜವಾಗಿ ಮೊದಲನೆಯದು ಶೇ 75ರ ರಿಯಾಯಿತಿ, ಎರಡನೆಯದು ಶೇ 80ರದು.

ಲೆಕ್ಕ ಮಾಡುವ ಸುಲಭ ದಾರಿ ಎಂದರೆ, ಹೋದದ್ದನ್ನು ಕೂಡುವ ಬದಲು ಉಳಿದದ್ದನ್ನು ಗುಣಿಸುವುದು. ಶೇ 50 ಹೋದರೆ ಉಳಿಯುವುದು ಅರ್ಧ, ಅಂದರೆ 0.5. ಶೇ 20 ಹೋದರೆ ಉಳಿಯುವುದು 0.8. ಎರಡನ್ನೂ ಗುಣಿಸಿದರೆ 0.4. ಸೀರೆಯ ಬೆಲೆಯಲ್ಲಿ ನೂರಕ್ಕೆ ನಲವತ್ತು ಕೊಡಬೇಕು, ಅರವತ್ತು ಮಿಗುತ್ತದೆ. ಬಾಯಲ್ಲೇ ಮಾಡಬೇಕೆನ್ನುವವರು ಎರಡು ಶೇಕಡಾಗಳನ್ನು ಕೂಡಿ, ಅವುಗಳ ಗುಣಲಬ್ಧದ ನೂರರಲ್ಲೊಂದು ಪಾಲನ್ನು ಅದರಿಂದ ಕಳೆಯಬಹುದು. 50 ಮತ್ತು 20 ಕೂಡಿದರೆ 70, ಗುಣಿಸಿದರೆ 1,000, ಅದರ ನೂರರಲ್ಲೊಂದು ಪಾಲು 10. ಎಪ್ಪತ್ತರಲ್ಲಿ ಹತ್ತು ಹೋದರೆ ಅರವತ್ತು.

ಈ ವ್ಯತ್ಯಾಸ ಹೊಸ ಕಾಲದ ಮಾರ್ಕೆಟಿಂಗ್ ತಂದದ್ದೇನಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಭಿನ್ನರಾಶಿಗಳ ಲೆಕ್ಕಗಳನ್ನು ಅವನು ಜಾತಿಗಳಾಗಿ ವಿಂಗಡಿಸುತ್ತಾನೆ. ಅವುಗಳಲ್ಲಿ ಒಂದು ಭಾಗಜಾತಿ, ಇನ್ನೊಂದು ಶೇಷಜಾತಿ. ಕಳೆಯುವ ಪಾಲುಗಳೆಲ್ಲ ಇಡೀ ಮೊತ್ತದ ಪಾಲುಗಳೇ ಆಗಿದ್ದರೆ ಅದು ಭಾಗಜಾತಿ. ಮೊದಲನೆಯದನ್ನು ಕಳೆದ ಮೇಲೆ ಉಳಿದದ್ದರಲ್ಲಿ ಎರಡನೆಯ ಪಾಲು, ಅದನ್ನೂ ಕಳೆದು ಉಳಿದದ್ದರಲ್ಲಿ ಮೂರನೆಯದು, ಹೀಗೆ ಹೋದರೆ ಶೇಷಜಾತಿ. ಅವನ ರೀತಿಯಲ್ಲೇ ಒಂದು ಲೆಕ್ಕ ಕಟ್ಟುವುದಾದರೆ, ನೂರು ತಾವರೆಗಳಲ್ಲಿ ಅರ್ಧವನ್ನು ಒಂದು ಬಸದಿಗೂ ಐದನೇ ಒಂದನ್ನು ಮತ್ತೊಂದಕ್ಕೂ ಕೊಟ್ಟರೆ ಉಳಿಯುವುದು ಮೂವತ್ತು. ಅರ್ಧ ಕೊಟ್ಟ ಮೇಲೆ ಉಳಿದದ್ದರಲ್ಲಿ ಐದನೇ ಒಂದನ್ನು ಕೊಟ್ಟರೆ ಉಳಿಯುವುದು ನಲವತ್ತು. ಮೊದಲ ಜಾತಿಗೆ ಪಾಲುಗಳನ್ನು ಕೂಡಿ ಒಂದರಿಂದ ಕಳೆಯಬೇಕು. ಎರಡನೆಯದಕ್ಕೆ ಪ್ರತಿ ಪಾಲನ್ನೂ ಒಂದರಿಂದ ಕಳೆದು, ಬಂದದ್ದನ್ನೆಲ್ಲ ಗುಣಿಸಬೇಕು. ನಮ್ಮ ಸೇಲ್ ಬ್ಯಾನರು ಭಾಗಜಾತಿಯ ವೇಷದಲ್ಲಿ ನಿಂತಿರುವ ಶೇಷಜಾತಿಯ ಲೆಕ್ಕ.

ಹಾಗಾದರೆ ನೇರವಾಗಿ ‘60% ರಿಯಾಯಿತಿ’ ಎಂದೇ ಬರೆಯಬಾರದೇ? ಅಂಗಡಿಗೆ ಹೋಗುವ ಹಣ ಎರಡರಲ್ಲೂ ಒಂದೇ ಅಲ್ಲವೇ? ಒಂದು ಸೀರೆಯ ಮಟ್ಟಿಗೆ ಒಂದೇ, ಗಿರಾಕಿಗಳ ಸಂಖ್ಯೆಯ ಮಟ್ಟಿಗೆ ಅಲ್ಲ. ಹೈಪೆಂಗ್ ಚೆನ್ ಮತ್ತು ಅಕ್ಷಯ್ ರಾವ್ ಎಂಬ ಇಬ್ಬರು ಸಂಶೋಧಕರು 2007ರಲ್ಲಿ ‘ಜರ್ನಲ್ ಆಫ್ ಕನ್ಸ್ಯೂಮರ್ ರಿಸರ್ಚ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತ್ತು. ಒಂದಾದ ಮೇಲೊಂದು ಬರುವ ಶೇಕಡಾಗಳನ್ನು ಜನ ಮಾಮೂಲಿ ಅಂಕಿಗಳಂತೆ ಕೂಡಿಬಿಡುತ್ತಾರೆ ಎಂಬುದು ಅವರ ಊಹೆ. ನಿಜವಾದ ಅಂಗಡಿಯೊಂದರಲ್ಲಿ ನೋಡಿದಾಗ, ಒಂದೇ ಬಾರಿಯ ರಿಯಾಯಿತಿಗಿಂತ ಅದಕ್ಕೆ ಸಮನಾದ ಜೋಡಿ ರಿಯಾಯಿತಿಗೆ ಹೆಚ್ಚು ಗಿರಾಕಿ, ಹೆಚ್ಚು ಮಾರಾಟ, ಹೆಚ್ಚು ಲಾಭ ಬಂದಿತ್ತು. ಶೇ 20ರ ಮೇಲೆ ಶೇ 25 ಎಂದರೆ ಲೆಕ್ಕದಲ್ಲಿ ಶೇ 40. ಕಣ್ಣಿಗೆ ಮಾತ್ರ ನಲವತ್ತೈದು. ಆ ಐದರ ಆಸೆಯೇ ಬ್ಯಾನರಿನ ಕೂಡುವ ಚಿಹ್ನೆಯ ಸಂಬಳ.

ಇನ್ನೊಂದು ಅನುಮಾನ ಹಲವರಿಗೆ ಬರುತ್ತದೆ. ಮೊದಲು ಇಪ್ಪತ್ತು ಕಳೆದು ಆಮೇಲೆ ಐವತ್ತು ಕಳೆಯಿರಿ ಎಂದರೆ ನಮಗೆ ಲಾಭವಾದೀತೇ? ಆಗುವುದಿಲ್ಲ. 4,000ದಲ್ಲಿ ಶೇ 20 ಹೋದರೆ 3,200, ಅದರ ಅರ್ಧ ಮತ್ತೆ 1,600. ಗುಣಾಕಾರದಲ್ಲಿ ಯಾವುದು ಮೊದಲು ಬಂದರೂ ಉತ್ತರ ಒಂದೇ. ಕ್ರಮ ಮುಖ್ಯವಾಗುವುದು ಶೇಕಡಾದ ಜೊತೆಗೆ ರೂಪಾಯಿ ಲೆಕ್ಕದ ಕೂಪನ್ ಸೇರಿದಾಗ. ಶೇ 50ರ ರಿಯಾಯಿತಿಯೂ 500 ರೂಪಾಯಿಯ ಕೂಪನ್ನೂ ಇದೆ ಎಂದುಕೊಳ್ಳಿ. ಮೊದಲು ಶೇಕಡಾ ಕಳೆದರೆ 2,000, ಆಮೇಲೆ ಕೂಪನ್ ಕಳೆದು 1,500. ಮೊದಲು ಕೂಪನ್ ಕಳೆದರೆ 3,500, ಅದರ ಅರ್ಧ 1,750. ಕೂಪನ್ ಮೊದಲು ಬಂದಾಗ ಆ 500 ರೂಪಾಯಿಯೂ ರಿಯಾಯಿತಿಯ ಕತ್ತರಿಗೆ ಸಿಕ್ಕಿ 250 ಆಗಿಬಿಡುತ್ತದೆ. ಆದ್ದರಿಂದ ಕೂಪನ್ ಕೊನೆಯ ಮೊತ್ತಕ್ಕೋ ಚೀಟಿಯ ಬೆಲೆಗೋ ಎಂದು ಷರತ್ತಿನ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಓದುವವರು ಕಡಿಮೆ, ಅಷ್ಟೇ.

ಇಷ್ಟು ಹೊತ್ತು ಗಿರಾಕಿಯ ಪಕ್ಕದಲ್ಲಿ ನಿಂತು ನೋಡಿದ್ದಾಯಿತು. ಅದೇ ತಪ್ಪು ಗಲ್ಲಾದ ಆಚೆ ಬದಿಯಲ್ಲಿ ಆದರೆ ಪೆಟ್ಟು ಬಹಳ ದೊಡ್ಡದು. ಗಿರಾಕಿ ಕಳೆದುಕೊಳ್ಳುವುದು ಬರಿಯ ಆಸೆಯನ್ನು, ಅಂಗಡಿಯವನು ಕಳೆದುಕೊಳ್ಳುವುದು ದುಡ್ಡನ್ನು.

ಒಂದು ಸಣ್ಣ ರೆಡಿಮೇಡ್ ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಒಂದು ಷರ್ಟಿನ ಅಸಲು 1,000 ರೂಪಾಯಿ. ಮಾಲೀಕ ಅದರ ಮೇಲೆ ಶೇ 30 ಇಟ್ಟು 1,300ಕ್ಕೆ ಮಾರುತ್ತಾನೆ. ಆಷಾಢದಲ್ಲಿ ಅವನಿಗೆ ಅನಿಸುತ್ತದೆ: ‘ನನಗೆ ಮೂವತ್ತು ಪರ್ಸೆಂಟ್ ಇದೆ, ಇಪ್ಪತ್ತು ಬಿಟ್ಟರೂ ಹತ್ತು ಉಳಿಯುತ್ತೆ.’ ಕೇಳಲು ಚೆನ್ನಾಗಿದೆ. ಆದರೆ ಆ ಮೂವತ್ತು ಇರುವುದು 1,000ದ ಮೇಲೆ, ಬಿಡುವ ಇಪ್ಪತ್ತು 1,300ರ ಮೇಲೆ. 1,300ರಲ್ಲಿ ಶೇ 20 ಎಂದರೆ 260 ರೂಪಾಯಿ. ಷರ್ಟು 1,040ಕ್ಕೆ ಹೋಗುತ್ತದೆ, ಉಳಿಯುವುದು 40 ರೂಪಾಯಿ. ಅಸಲಿನ ಮೇಲೆ ಹತ್ತಲ್ಲ, ನಾಲ್ಕು. ಅವನು ಶೇ 25 ಮಾತ್ರ ಇಟ್ಟಿದ್ದರೆ ಬೆಲೆ 1,250 ಆಗುತ್ತಿತ್ತು, ಶೇ 20 ಬಿಟ್ಟಾಗ ಸರಿಯಾಗಿ 1,000ಕ್ಕೆ ಬಂದು ನಿಲ್ಲುತ್ತಿತ್ತು. ಇಪ್ಪತ್ತೈದು ಏರಿದ್ದನ್ನು ಇಪ್ಪತ್ತು ಇಳಿತ ಪೂರ್ತಿ ನುಂಗುತ್ತದೆ. ನೂರು ಏರಿದ್ದನ್ನು ಐವತ್ತೇ ನುಂಗುತ್ತದೆ. ಸೇಲ್‌ಗೆ ಮೊದಲು ಚೀಟಿಯ ಬೆಲೆ ದುಪ್ಪಟ್ಟು ಮಾಡಿ ‘50% ರಿಯಾಯಿತಿ’ ಎಂದು ಬರೆಯುವವರಿಗೆ ಈ ಲೆಕ್ಕ ಬಾಯಿಪಾಠ.

ಈಗ ಮಾರಾಟದ ಲೆಕ್ಕಕ್ಕೆ ಬರೋಣ. ಮಾಮೂಲಿ ತಿಂಗಳಲ್ಲಿ ಈ ಅಂಗಡಿಯಲ್ಲಿ ನೂರು ಷರ್ಟು ಹೋಗುತ್ತವೆ. ವಹಿವಾಟು 1,30,000 ರೂಪಾಯಿ, ಬಾಡಿಗೆ ಸಂಬಳ ಕಳೆಯುವ ಮೊದಲಿನ ಲಾಭ 30,000. ರಿಯಾಯಿತಿ ಹಾಕಿದ ತಿಂಗಳಲ್ಲಿ ಜನ ಹೆಚ್ಚು ಬಂದು 130 ಷರ್ಟು ಹೋದವು. ಮಾಲೀಕನ ಲೆಕ್ಕ: ಮಾರಾಟ ಶೇ 30 ಏರಿತು, ಬೆಲೆ ಶೇ 20 ಇಳಿಯಿತು, ಹಾಗಾದರೆ ವಹಿವಾಟು ಶೇ 10 ಹೆಚ್ಚಾಗಿರಬೇಕು. ಪುಸ್ತಕ ತೆಗೆದು ನೋಡಿದರೆ 130 ಷರ್ಟಿಗೆ 1,040ರಂತೆ 1,35,200 ರೂಪಾಯಿ. ಹೆಚ್ಚಾದದ್ದು 5,200, ಅಂದರೆ ಶೇ 4. ಇಲ್ಲಿ ಒಂದು ಶೇಕಡಾ ಷರ್ಟುಗಳ ಸಂಖ್ಯೆಯದು, ಇನ್ನೊಂದು ಒಂದು ಷರ್ಟಿನ ಬೆಲೆಯದು. ವಹಿವಾಟು ಎಂಬುದು ಆ ಎರಡರ ಗುಣಾಕಾರ. ಹಾಗಾಗಿ ಶೇಕಡಾಗಳನ್ನೂ ಗುಣಿಸಲೇಬೇಕು: 1.3ಕ್ಕೆ 0.8, ಬಂದದ್ದು 1.04. ಹೆಚ್ಚುವರಿಯಾಗಿ ಹೋದ ಮೂವತ್ತು ಷರ್ಟುಗಳೂ ಕಡಿತದ ಬೆಲೆಗೇ ಹೋದವು ಎಂಬುದನ್ನು ಕೂಡು-ಕಳೆಯುವ ಲೆಕ್ಕ ಮರೆತುಬಿಡುತ್ತದೆ. ಬೆಲೆ ಶೇ 20 ಇಳಿಸಿದ ಮೇಲೆ ಹಳೆಯ ವಹಿವಾಟನ್ನೇ ಉಳಿಸಿಕೊಳ್ಳಬೇಕಾದರೂ ಮಾರಾಟ ಶೇ 25 ಏರಬೇಕು. ಬರೀ ಶೇ 20 ಏರಿದರೆ ನೂರಕ್ಕೆ ನಾಲ್ಕು ಕಡಿಮೆ.

ಲಾಭದ ಕಥೆ ಇನ್ನೂ ಕಹಿ. ಷರ್ಟಿಗೆ 40 ರೂಪಾಯಿಯಂತೆ 130ಕ್ಕೆ 5,200 ರೂಪಾಯಿ. 30,000 ಇದ್ದದ್ದು 5,200ಕ್ಕೆ ಇಳಿಯಿತು. ಹಳೆಯ ಲಾಭ ಮರಳಬೇಕಾದರೆ 750 ಷರ್ಟು ಮಾರಬೇಕು, ಅಂದರೆ ಮಾಮೂಲಿಗಿಂತ ಏಳೂವರೆ ಪಟ್ಟು. ಅಂಗಡಿ ತುಂಬ ಜನ, ಬಿಲ್ಲು ಹರಿಯುವವನಿಗೆ ಕೈ ಬಿಡುವಿಲ್ಲ, ತಿಂಗಳ ಕೊನೆಗೆ ಬಾಡಿಗೆಗೆ ದುಡ್ಡಿಲ್ಲ. ಬೆಲೆಯ ಶೇ 20ರ ಇಳಿತ ಲಾಭದ ಮೇಲೆ ಶೇ 20 ಆಗಿ ಬೀಳುವುದಿಲ್ಲ. ಒಂದು ಷರ್ಟಿನ ಲಾಭ 300ರಿಂದ 40ಕ್ಕೆ ಬಂದಿದೆ, ಅಂದರೆ ಸುಮಾರು ಶೇ 87ರ ಇಳಿತ. ಅದೇ 260 ರೂಪಾಯಿಯನ್ನು 1,300ರ ಮೇಲಿಟ್ಟು ನೋಡಿದರೆ ಇಪ್ಪತ್ತು, 300ರ ಮೇಲಿಟ್ಟು ನೋಡಿದರೆ ಎಂಬತ್ತೇಳು.

ಹಾಗೆಂದು ಸೇಲ್ ಹಾಕುವವರೆಲ್ಲ ದಡ್ಡರೆಂದು ಅರ್ಥವಲ್ಲ. ಕಪಾಟಿನಲ್ಲಿ ಕೂತ ಮಾಲು ಎಂದರೆ ಕೂತ ಬಂಡವಾಳ. ಬಣ್ಣ ಮಾಸುವ ಮೊದಲು, ಫ್ಯಾಷನ್ ಹಳತಾಗುವ ಮೊದಲು ಅಸಲಾದರೂ ಕೈಗೆ ಬಂದರೆ ಹಬ್ಬದ ಮಾಲು ತರಬಹುದು. ಆ ಉದ್ದೇಶಕ್ಕೆ 40 ರೂಪಾಯಿಯ ಲಾಭವೂ ಒಳ್ಳೆಯದೇ. ತಪ್ಪಾಗುವುದು ಹತ್ತು ಉಳಿಯುತ್ತದೆಂದು ನಂಬಿ ನಾಲ್ಕಕ್ಕೆ ಮಾರಿದಾಗ.

ಶೇಕಡಾಗಳು ಒಂದರ ಹಿಂದೊಂದು ಬರದೆ ಅಕ್ಕಪಕ್ಕ ನಿಂತಿದ್ದಾಗಲೂ ಇದೇ ಎಡವಟ್ಟು ಆಗುತ್ತದೆ. ಅಂಗಡಿಯಲ್ಲಿ ಎರಡು ವಿಭಾಗ ಇವೆ ಎಂದುಕೊಳ್ಳಿ. ಈ ವರ್ಷ ಸೀರೆಯ ಮಾರಾಟ ಶೇ 40 ಏರಿದೆ, ರೆಡಿಮೇಡ್ ಶೇ 20 ಇಳಿದಿದೆ. ‘ಒಟ್ಟಿನಲ್ಲಿ ಇಪ್ಪತ್ತು ಮೇಲೆ’ ಎಂದು ಖುಷಿಪಡುವ ಮೊದಲು ಕಳೆದ ವರ್ಷದ ಅಂಕಿ ಕೇಳಬೇಕು. ಸೀರೆ 5 ಲಕ್ಷ, ರೆಡಿಮೇಡ್ 15 ಲಕ್ಷ ಇದ್ದವು ಎಂದಾದರೆ ಸೀರೆ 2 ಲಕ್ಷ ಏರಿ 7 ಆಯಿತು, ರೆಡಿಮೇಡ್ 3 ಲಕ್ಷ ಇಳಿದು 12 ಆಯಿತು. 20 ಲಕ್ಷದ ಅಂಗಡಿ 19 ಲಕ್ಷಕ್ಕೆ ಬಂದಿದೆ. ಒಟ್ಟಿನಲ್ಲಿ ಐದು ಕೆಳಗೆ! ದೊಡ್ಡ ಶೇಕಡಾ ಸಣ್ಣ ಮೊತ್ತದ ಮೇಲೆ ಕೂತಿತ್ತು, ಸಣ್ಣ ಶೇಕಡಾ ದೊಡ್ಡ ಮೊತ್ತದ ಮೇಲೆ. ಇಂಥ ಕಡೆ ಗುಣಾಕಾರವೂ ಸಾಲದು. ಶೇಕಡಾಗಳನ್ನು ಬದಿಗಿಟ್ಟು ರೂಪಾಯಿಗೆ ಇಳಿದು ಕೂಡಿ, ಬೇಕಾದರೆ ಕೊನೆಯಲ್ಲಿ ಮತ್ತೆ ಶೇಕಡಾಕ್ಕೆ ಏರಬೇಕು.

ಕೂಡಬಹುದಾದ ಶೇಕಡಾಗಳೂ ಇವೆ, ಅವು ನಮ್ಮ ಬಿಲ್ಲಿನಲ್ಲೇ ಸಿಗುತ್ತವೆ. ಸಿಜಿಎಸ್‌ಟಿ ಶೇ 9, ಎಸ್‌ಜಿಎಸ್‌ಟಿ ಶೇ 9 ಎಂದು ಎರಡು ಸಾಲು ಇರುತ್ತವಲ್ಲ, ಅವನ್ನು ಕೂಡಿ ಶೇ 18 ಎನ್ನುವುದು ಪೂರಾ ಸರಿ. ಕೇಂದ್ರದ ತೆರಿಗೆಯನ್ನು ಸೇರಿಸಿ, ಹಿಗ್ಗಿದ ಆ ಮೊತ್ತದ ಮೇಲೆ ರಾಜ್ಯದ ತೆರಿಗೆ ಹಾಕುವುದಿಲ್ಲ. ಎರಡನ್ನೂ ತೆರಿಗೆಗೆ ಮುಂಚಿನ ಒಂದೇ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ. ಮಹಾವೀರಾಚಾರ್ಯನಾದರೆ ಇದನ್ನು ಭಾಗಜಾತಿಗೆ ಸೇರಿಸುತ್ತಿದ್ದ.

ಆದರೆ ಅದೇ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಂದು ಇಳಿದಾಗ ಬಹಳ ಜನ ಮತ್ತೆ ಜಾರಿದರು. ಶಾಂಪೂ, ತಲೆಗೆ ಹಚ್ಚುವ ಎಣ್ಣೆ, ಟೂತ್‌ಪೇಸ್ಟ್‌ಗಳ ತೆರಿಗೆ ಶೇ 18ರಿಂದ 5ಕ್ಕೆ ಬಂತು. ಹದಿನೆಂಟರಲ್ಲಿ ಐದು ಕಳೆದರೆ ಹದಿಮೂರು, ಆದ್ದರಿಂದ 100 ರೂಪಾಯಿಯ ಶಾಂಪೂ 87ಕ್ಕೆ ಸಿಗಬೇಕು ಎಂಬ ಮಾತು ಕಿರಾಣಿ ಅಂಗಡಿಗಳಲ್ಲಿ ಜಗಳಕ್ಕೆ ಸಾಕಾಗುವಷ್ಟು ಸರಳವಾಗಿತ್ತು. ಆದರೆ ಆ ಹದಿಮೂರು ಎಂಆರ್‌ಪಿಯ ಮೇಲಿನದಲ್ಲ. ಎಂಆರ್‌ಪಿ ಎಂದರೆ ತೆರಿಗೆಯೂ ಸೇರಿದ ಬೆಲೆ. ತೆರಿಗೆಗೆ ಮುಂಚಿನ ಬೆಲೆ 100 ಆಗಿದ್ದ ಬಾಟಲಿ ಹಿಂದೆ 118ಕ್ಕೆ ಸಿಗುತ್ತಿತ್ತು, ಈಗ 105ಕ್ಕೆ ಸಿಗಬೇಕು. ಮಿಗುವುದು 13 ರೂಪಾಯಿಯೇ, ಆದರೆ ಅದು 118ರಲ್ಲಿ ಹದಿಮೂರು, ಅಂದರೆ ಸುಮಾರು ಶೇ 11. 100 ರೂಪಾಯಿ ಎಂಆರ್‌ಪಿಯ ಶಾಂಪೂ ಹೆಚ್ಚುಕಡಿಮೆ 89 ರೂಪಾಯಿ ಆಗಬೇಕು, 87 ಅಲ್ಲ. ಶೇ 28ರಿಂದ 18ಕ್ಕೆ ಬಂದ ಟಿವಿ, ಎಸಿಗಳದ್ದೂ ಇದೇ ಹಾಡು. ಹತ್ತರ ಇಳಿತ ಕೈಗೆ ಬರುವಾಗ ಶೇ 7.8ಕ್ಕೆ ಇಳಿದಿರುತ್ತದೆ. 50,000 ರೂಪಾಯಿಯ ಟಿವಿಗೆ 5,000 ಕಡಿಮೆಯಾಗುತ್ತದೆಂದು ಕಾದವರಿಗೆ ಸುಮಾರು 3,900 ಕಡಿಮೆಯಾಗಿರುತ್ತದೆ, ಅದು ಅಂಗಡಿಯವನು ನುಂಗಿದ್ದಲ್ಲ.

ನಿಮ್ಮ ಮನೆಯಲ್ಲಿ ಆ ಸೆಪ್ಟೆಂಬರ್‌ಗೆ ಹಿಂದಿನ ಬಿಲ್ಲು ಇನ್ನೂ ಇದ್ದರೆ ಪರೀಕ್ಷಿಸಿ ನೋಡಬಹುದು. ಶೇ 18ರಿಂದ 5ಕ್ಕೆ ಬಂದ ಸರಕಿನ ಹಳೆಯ ಬೆಲೆಯನ್ನು 105ರಿಂದ ಗುಣಿಸಿ 118ರಿಂದ ಭಾಗಿಸಿ. ಶೇ 28ರಿಂದ 18ಕ್ಕೆ ಬಂದದ್ದಾದರೆ 118ರಿಂದ ಗುಣಿಸಿ 128ರಿಂದ ಭಾಗಿಸಿ. ತೆರಿಗೆಗೆ ಮುಂಚಿನ ಬೆಲೆಯನ್ನು ಕಂಪನಿ ಮುಟ್ಟದೇ ಇದ್ದರೆ ಹೊಸ ಬೆಲೆ ಇದರ ಹತ್ತಿರವೇ ಇರಬೇಕು. ತುಂಬ ಹೆಚ್ಚಿದ್ದರೆ ಮೊದಲು ಅಂಗಡಿಯಲ್ಲಿ ಕೇಳಿ. ಅಲ್ಲಿ ಸರಿಯಾದ ಉತ್ತರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.